ಮನೆಯವ್ರ ಡಿಎನ್‌ಎ ನಾನೇ ಜೆಲ್ ಮೇಲೆ ಓಡಿಸಿ ನೋಡಿದೆ: ಕಹಿ ಗೊತ್ತಾಗೋ ಜೀನ್, ನನ್ನ ಅನುಭವ

ನಾನು ಜೀವಶಾಸ್ತ್ರ ಪಾಠ ಮಾಡ್ತೀನಿ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದ್ರೆ ಮನುಷ್ಯನ ಗುಣವೇ ಬದಲಾಗಬಹುದು ಅಂತ ಎಷ್ಟೋ ವರ್ಷದಿಂದ ಹೇಳ್ತಾ ಬಂದಿದ್ದೆ, ಆದ್ರೆ ಆ ಒಂದು ಅಕ್ಷರ ಅಪ್ಪ ಅಮ್ಮನಿಂದ ಮಕ್ಕಳಿಗೆ ಬಂದಿದ್ದನ್ನ ನನ್ನ ಕಣ್ಣಾರೆ ನೋಡಿರ್ಲಿಲ್ಲ. ಅದಕ್ಕೆ ಪಿಟಿಸಿ ಕಾಗದದ ಪ್ರಯೋಗ ಮನೆಯವ್ರ ಮೇಲೇ ಮಾಡೋಣ ಅಂದ್ಕೊಂಡೆ.

ಪಿಟಿಸಿ ಒಂದು ರಾಸಾಯನಿಕ, ಕಾಗದಕ್ಕೆ ಅದನ್ನ ಹೀರಿಸಿರ್ತಾರೆ. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನೋ ರಸಾಯನಶಾಸ್ತ್ರಜ್ಞರ ಲ್ಯಾಬಲ್ಲಿ ಇದರ ಪುಡಿ ಗಾಳಿಗೆ ಹಾರಿತ್ತು, ಪಕ್ಕದಲ್ಲಿದ್ದವ್ರು ಬಾಯೆಲ್ಲಾ ಕಹಿ ಅಂದ್ರು, ಫಾಕ್ಸ್‌ಗೆ ಮಾತ್ರ ಏನೂ ಗೊತ್ತಾಗ್ಲಿಲ್ಲ. ಕೆಲವ್ರಿಗೆ ಕಹಿ, ಕೆಲವ್ರಿಗೆ ಬರೀ ಕಾಗದ, ಇದು ವಂಶದಲ್ಲಿ ಹರಿದು ಬರೋ ಗುಣ ಅಂತ ಆಮೇಲೆ ಗೊತ್ತಾಯ್ತು. ಇದರ ಜೀನ್ ಯಾವುದು ಅಂತ ಖಚಿತ ಆಗಿದ್ದು 2003ರಲ್ಲಿ, ಹೆಸರು TAS2R38, ಇರೋದು 7ನೇ ಕ್ರೋಮೋಸೋಮ್‌ನಲ್ಲಿ.

ನಮ್ಮನೇಲಿ ನಾಲ್ಕೂ ಜನ ಕಾಗದ ನಾಲಿಗೆ ಮೇಲಿಟ್ವಿ. ನಂಗೆ ಏನೂ ಇಲ್ಲ. ನಮ್ಮನೆಯವ್ರು ಮುಖ ಹಿಂಡ್ಕೊಂಡು ನೀರಿಗೆ ಓಡಿದ್ರು. ಮಗನಿಗೆ ಕಹಿ, ಮಗಳಿಗೆ ಏನೂ ಇಲ್ಲ.

ಈ ಜೀನಲ್ಲಿ ಪ್ರೊಟೀನ್‌ನ ಸೂಚನೆ ಬರೆದಿರೋ ಭಾಗ 1002 ಅಕ್ಷರ ಉದ್ದ. ಜೀವಕೋಶ ಅದನ್ನ ಮೂರು ಮೂರು ಅಕ್ಷರವಾಗಿ ಓದುತ್ತೆ, ಪ್ರತಿ ಮೂರಕ್ಕೆ ಒಂದು ಅಮೈನೋ ಆಮ್ಲ, ಕೊನೇ ಮೂರು ಅಕ್ಷರ ನಿಲ್ಲಿಸು ಅನ್ನೋದಕ್ಕೆ, ಹಾಗಾಗಿ 333 ಅಮೈನೋ ಆಮ್ಲದ ಒಂದು ಸರ. ಆ ಸರ ಮಡಚ್ಕೊಂಡು ನಾಲಿಗೆಯ ರುಚಿ ಕೋಶದ ಮೇಲೆ ಕೂತು ಕಹಿ ಹಿಡಿಯೋ ಪ್ರೊಟೀನ್ ಆಗುತ್ತೆ. 145ನೇ ಅಕ್ಷರ C ಇದ್ರೆ ಅಲ್ಲಿನ ಮೂರಕ್ಷರ CCA, ಅಂದ್ರೆ 49ನೇ ಜಾಗದಲ್ಲಿ ಪ್ರೋಲಿನ್. ಅದೇ G ಆದ್ರೆ GCA, ಆಗ ಅಲ್ಲಿ ಅಲನಿನ್ ಬರುತ್ತೆ. ಜೀನಲ್ಲಿ ಇನ್ನೂ ಎರಡು ಕಡೆ ಇಂಥ ಬದಲಾವಣೆ ಇದೆ, ಸಾಮಾನ್ಯವಾಗಿ ಮೂರೂ ಒಟ್ಟೊಟ್ಟಿಗೇ ಸಾಗುತ್ತವೆ, ಹಾಗಾಗಿ ಒಂದನ್ನ ನೋಡಿದ್ರೆ ನಮ್ಮ ಕೆಲಸಕ್ಕೆ ಸಾಕು. G ಇರೋ ಪ್ರತಿಯಿಂದಲೂ ಪ್ರೊಟೀನ್ ತಯಾರಾಗುತ್ತೆ, ಅದು ಪಿಟಿಸಿಗೆ ಸ್ಪಂದಿಸಲ್ಲ ಅಷ್ಟೇ.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು ಅಮ್ಮನಿಂದ ಒಂದು. ಒಂದು C ಪ್ರತಿ ಇದ್ರೂ ಕಹಿ ಗೊತ್ತಾಗುತ್ತೆ. ಜೆಲ್ ಮಾಡೋ ಮುಂಚೆ ನೋಟ್‌ಬುಕ್ಕಲ್ಲಿ ಲೆಕ್ಕ ಬರೆದಿಟ್ಟೆ. ನಂಗೆ ಕಹಿ ಇಲ್ಲ, ಅಂದ್ರೆ ನಾನು GG. ನಮ್ಮನೆಯವ್ರು CC ಇರಬಹುದು ಅಥವಾ CG ಇರಬಹುದು, ಅವರ ನಾಲಿಗೆ ನೋಡಿ ಹೇಳಕ್ಕಾಗಲ್ಲ. ಆದ್ರೆ ಮಗಳಿಗೆ ಕಹಿ ಇಲ್ವಲ್ಲ, ಅವಳು GG ಆಗಿರ್ಬೇಕು, ಅದರಲ್ಲಿ ಒಂದು G ಅಪ್ಪನಿಂದ್ಲೇ ಬಂದಿರ್ಬೇಕು, ಹಾಗಾಗಿ ಅಪ್ಪ CG. ಅಪ್ಪನ ಒಳಗೆ ಅಡಗಿದ್ದ ಅಕ್ಷರ ಮಗಳ ನಾಲಿಗೆಯಿಂದ ಗೊತ್ತಾಯ್ತು, ಇದು ನಂಗೆ ತುಂಬಾ ಇಷ್ಟ ಆದ ಭಾಗ. ಮಗನಿಗೆ ನನ್ನಿಂದ G ಬಿಟ್ಟು ಬೇರೇನೂ ಸಿಗಲ್ಲ, ಕಹಿ ಗೊತ್ತಾಗುತ್ತೆ ಅಂದ್ರೆ ಅಪ್ಪನಿಂದ C, ಹಾಗಾಗಿ ಅವನೂ CG.

ಇನ್ನು ಕೆಲಸ. ಉಪ್ಪುನೀರು 10 ಮಿಲಿ ಬಾಯಲ್ಲಿಟ್ಕೊಂಡು 30 ಸೆಕೆಂಡ್ ಚೆನ್ನಾಗಿ ಮುಕ್ಕಳಿಸಿ ಕಪ್ಪಿಗೆ ಬಿಡೋದು, ಅದರಲ್ಲಿ ಕೆನ್ನೆಯ ಕೋಶಗಳು ಬಂದಿರ್ತವೆ. ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ತಳಕ್ಕೆ ಕೂತಿದ್ದನ್ನ ಕೆಲೆಕ್ಸ್ ಮಣಿಗಳ ಜೊತೆ ಬೆರೆಸಿ 10 ನಿಮಿಷ ಕುದಿಯೋ ಶಾಖದಲ್ಲಿಟ್ರೆ ಕೋಶ ಒಡೆದು ಡಿಎನ್‌ಎ ಹೊರಗೆ ಬರುತ್ತೆ. ಮೇಲಿನ ತಿಳಿ ಮಾತ್ರ ತಗೋಬೇಕು, ಮಣಿ ಬಂದ್ರೆ ಅವು ಮೆಗ್ನೀಸಿಯಂ ಹಿಡ್ಕೊಂಡ್ಬಿಡ್ತವೆ, ಮೆಗ್ನೀಸಿಯಂ ಇಲ್ದೆ ಪಿಸಿಆರ್, ಅಂದ್ರೆ ಡಿಎನ್‌ಎ ತುಂಡನ್ನ ಪ್ರತಿ ಮಾಡೋ ಕ್ರಿಯೆ, ನಡಿಯಲ್ಲ. ಪಿಸಿಆರ್‌ನಲ್ಲಿ 145ನೇ ಅಕ್ಷರ ಇರೋ 221 ಅಕ್ಷರದ ತುಂಡನ್ನ ಕೋಟಿಗಟ್ಟಲೆ ಪ್ರತಿ ಮಾಡ್ಕೊಂಡೆ.

ಆಮೇಲೆ ಹೇ-ತ್ರೀ ಅನ್ನೋ ಎಂಜೈಮ್. ಇದು GGCC ಅಂತ ಕಂಡಲ್ಲಿ ಮಾತ್ರ ಡಿಎನ್‌ಎ ಕತ್ತರಿಸುತ್ತೆ. ಜೀನಲ್ಲಿ ಆ ಜಾಗದಲ್ಲಿ ನಿಜವಾಗಿ ಇರೋದು AGCC, ಅದಕ್ಕೆ ಪಿಸಿಆರ್ ಶುರು ಮಾಡಕ್ಕೆ ಹಾಕೋ ಪ್ರೈಮರ್ ಅನ್ನೋ ಚಿಕ್ಕ ಡಿಎನ್‌ಎ ತುಂಡಲ್ಲೇ ಬೇಕಂತ ಒಂದಕ್ಷರ ಬದಲಾಯಿಸಿ ಕೊನೆಗೆ GG ಬರೋ ಹಾಗೆ ಮಾಡಿರ್ತಾರೆ, ಎಷ್ಟು ಚೆಂದದ ಉಪಾಯ ನೋಡಿ. ಈಗ C ಪ್ರತಿಯಲ್ಲಿ GGCC ಆಯ್ತು, ಕತ್ತರಿಸಿದ್ರೆ 177 ಮತ್ತೆ 44ರ ಎರಡು ತುಂಡು. G ಪ್ರತಿಯಲ್ಲಿ GGGC, ಎಂಜೈಮ್ ಮುಟ್ಟಲ್ಲ, 221 ಹಾಗೇ ಉಳಿಯುತ್ತೆ. ಜೆಲ್ ಅನ್ನೋ ಮೆತ್ತನೆ ಪದರದಲ್ಲಿ ಕರೆಂಟ್ ಹರಿಸಿದ್ರೆ ಚಿಕ್ಕ ತುಂಡು ಬೇಗ ಕೆಳಗೆ ಓಡುತ್ತೆ, ಹಾಗಾಗಿ GG ಇರೋರಿಗೆ ಮೇಲಿನ ಒಂದು ಗೆರೆ, CC ಇರೋರಿಗೆ ಕೆಳಗೆ 177ರ ಗೆರೆ, CG ಇರೋರಿಗೆ ಎರಡೂ. 44ರದ್ದು ತುಂಬಾ ಮಸುಕು, ಕಾಣದಿದ್ರೂ ಚಿಂತೆ ಇಲ್ಲ.

ಮೊದಲ ಜೆಲ್ ನೋಡಿ ಗಾಬರಿ ಆಯ್ತು. ನಾನು ಮಗಳು ಒಂದೊಂದು ಗೆರೆ, ಅವರಪ್ಪನಿಗೆ ಎರಡು, ಎಲ್ಲಾ ಸರಿ, ಆದ್ರೆ ಮಗನದ್ದೂ ಬರೀ 221! ಜೆಲ್ ಪ್ರಕಾರ ಅವನು GG, ಅವನ ನಾಲಿಗೆ ಪ್ರಕಾರ CG. "ಅಮ್ಮಾ, ನಂಗೆ ನಿಜವಾಗ್ಲೂ ಕಹಿ ಆಯ್ತು" ಅಂತ ಅವನು.

ಈ ಪ್ರಯೋಗದ ದೊಡ್ಡ ಅಪಾಯ ಇರೋದು ಇಲ್ಲೇ. ಎಂಜೈಮ್‌ಗೆ ಕತ್ತರಿಸೋ ಜಾಗ ಇಲ್ದಿದ್ರೂ 221, ಎಂಜೈಮೇ ಟ್ಯೂಬಿಗೆ ಹೋಗದಿದ್ರೂ 221, ಎರಡಕ್ಕೂ ಗೆರೆ ಒಂದೇ ಥರ ಕಾಣುತ್ತೆ. ಅಪ್ಪನ ಟ್ಯೂಬಲ್ಲಿ ಕತ್ತರಿಸಿದೆ, ಹಾಗಾಗಿ ಎಂಜೈಮ್ ಕೆಟ್ಟಿಲ್ಲ, ತೊಂದ್ರೆ ಇರೋದು ಮಗನ ಟ್ಯೂಬಲ್ಲಿ. ಎಂಜೈಮ್ ಗ್ಲಿಸರಾಲ್‌ನಲ್ಲಿ ಬರುತ್ತೆ, ಮಂದ ಇರುತ್ತೆ, ಹಾಕೋದು 1 ಮೈಕ್ರೋಲೀಟರ್, ಅದು ಪಿಪೆಟ್ ಟಿಪ್ಪಿನ ಗೋಡೆಗೇ ಅಂಟ್ಕೊಂಡು ಉಳಿಯಬಹುದು ಅಥವಾ ಟ್ಯೂಬಿನ ತಳಕ್ಕಿಳಿದು ಬೆರೀದೇ ಕೂರಬಹುದು. ಉಳಿದಿದ್ದ ಪಿಸಿಆರ್ ದ್ರವಕ್ಕೆ ಹೊಸದಾಗಿ ಎಂಜೈಮ್ ಹಾಕಿ, ಟಿಪ್ಪಿಂದ ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ ಬೆರೆಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಬದಲು ಒಂದೂವರೆ ಗಂಟೆ ಇಟ್ಟೆ. ಈ ಸಲ ಎರಡು ಗೆರೆ ಬಂತು, 221 ಮತ್ತೆ 177. ಜೊತೆಗೆ ನನ್ನದೂ ಮಗಳದ್ದೂ ಮತ್ತೆ ಮಾಡ್ದೆ, ಯಾಕಂದ್ರೆ ನಮ್ಮ ಒಂದು ಗೆರೆಯೂ ಇದೇ ಥರ ಸುಳ್ಳಾಗಿರಬಹುದಿತ್ತು, ಅವು ಹಾಗೇ ಉಳಿದ್ವು.

ಇದರ ಉಲ್ಟಾ ತಪ್ಪೂ ಆಗುತ್ತೆ, CC ಇರೋರ ಟ್ಯೂಬಲ್ಲಿ ಕತ್ತರಿಸೋದು ಅರ್ಧಕ್ಕೆ ನಿಂತ್ರೆ ಎರಡು ಗೆರೆ ಬಂದು CG ಥರ ಕಾಣುತ್ತೆ. ಸಮಯ ಜಾಸ್ತಿ ಕೊಟ್ಟಾಗ ಮೇಲಿನ ಗೆರೆ ಮಾಯ ಆದ್ರೆ ಅದು CC.

ಇನ್ನೊಂದು ಮಾತು ಮಾತ್ರ ಒತ್ತಿ ಹೇಳ್ತೀನಿ, ನಾಲಿಗೆ ಮತ್ತೆ ಜೀನ್ ನೂರಕ್ಕೆ ನೂರು ಹೊಂದಲ್ಲ. GG ಇದ್ದೂ ಸ್ವಲ್ಪ ಕಹಿ ಅನ್ನೋರು ಇದ್ದಾರೆ, CG ಇರೋರಲ್ಲಿ ಕೆಲವ್ರಿಗೆ ತುಂಬಾ ಕಹಿ ಕೆಲವ್ರಿಗೆ ಲೈಟಾಗಿ. ಹಾಗಾಗಿ ಕ್ಲಾಸಲ್ಲಿ ಕಾಗದ ಕೊಟ್ಟು ಅಪ್ಪ ಅಮ್ಮಂಗೆ ಕಹಿ ಇಲ್ಲ, ಮಗುಗೆ ಹೇಗೆ ಬಂತು ಅಂತ ಯಾರ ಸಂಬಂಧದ ಬಗ್ಗೆಯೂ ತೀರ್ಮಾನ ಮಾಡಲೇಬಾರದು.

ಜೆಲ್ ಫೋಟೋ ನೋಡಿ ಮಗಳು ನಂಗೆ ಮುಂದೆ ಮಕ್ಕಳಾದ್ರೆ ಏನಾಗುತ್ತೆ ಅಂದ್ಲು. ನಿನ್ನಿಂದ ಖಂಡಿತಾ G ಹೋಗುತ್ತೆ, ನಿನ್ ಹತ್ರ ಬೇರೆ ಇಲ್ಲ, ಕಹಿ ಬರ್ಬೇಕಂದ್ರೆ C ಇನ್ನೊಬ್ಬರ ಕಡೆಯಿಂದ ಬರ್ಬೇಕು ಅಂದೆ. ಅಣ್ಣಂದು ಹಾಗಲ್ಲ, ಅವನ ಪ್ರತಿ ಮಗುಗೂ ನನ್ನ G ಹೋಗಬಹುದು ಅಥವಾ ಅಪ್ಪನ C ಹೋಗಬಹುದು, ಅರ್ಧಕ್ಕರ್ಧ, ಮೊದಲನೇ ಮಗುಗೆ C ಹೋಯ್ತು ಅಂತ ಎರಡನೇದಕ್ಕೆ ಆ ಲೆಕ್ಕ ಬದಲಾಗಲ್ಲ.