ಹೊಡೆದುಹಾಕಿದ ಒಂದು x: ಒಂದನ್ನೊಂದು ದಾಟುವ ವಕ್ರರೇಖೆಗಳ ನಡುವಿನ ಕ್ಷೇತ್ರಫಲ

ಪಾಠ ಹೇಳಲು ಆರಂಭಿಸಿದ ಮೊದಲ ವರ್ಷ ಕಪ್ಪುಹಲಗೆಯ ಮೇಲೆ ನಾನು ಮಾಡಿದ ಒಂದು ತಪ್ಪು ಇದು. ಲೆಕ್ಕ ಸರಳವಾಗಿತ್ತು: y = x³ − 2x² ಎಂಬ ವಕ್ರರೇಖೆ ಮತ್ತು y = 3x ಎಂಬ ಸರಳರೇಖೆ ಸುತ್ತುವರಿದ ಕ್ಷೇತ್ರಫಲ ಎಷ್ಟು? ಎರಡೂ ಎಲ್ಲಿ ಕೂಡುತ್ತವೆ ಎಂದು ನೋಡಲು ಸಮೀಕರಣ ಬರೆದೆ.

x³ − 2x² = 3x

ಎರಡೂ ಕಡೆ x ಇದೆಯಲ್ಲ, ಹೊಡೆದುಹಾಕಿದೆ. x² − 2x = 3 ಉಳಿಯಿತು. ಅದರಿಂದ x = −1, x = 3. ಮಿತಿಗಳು ಸಿಕ್ಕವು ಎಂದು −1ರಿಂದ 3ರವರೆಗೆ x³ − 2x² − 3x ಅನ್ನು ಅನುಕಲಿಸಿದೆ. ಬಂದ ಉತ್ತರ −32/3. ಕ್ಷೇತ್ರಫಲ ಋಣವಾಗುವುದಿಲ್ಲ ಎಂದು ಹೇಳುತ್ತಾ, ಮೈನಸ್ ಚಿಹ್ನೆಯನ್ನು ಬೆರಳಿನಿಂದಲೇ ಒರೆಸಿ, 32/3ಕ್ಕೆ ಚೌಕಟ್ಟು ಹಾಕಿದೆ.

ಎರಡನೇ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಲೆಕ್ಕ ಮಾಡುವುದನ್ನು ಬಿಟ್ಟು ಚಿತ್ರ ಬಿಡಿಸುತ್ತಿದ್ದಳು. "ಸರ್, ಎರಡೂ ರೇಖೆಗಳು ಸೊನ್ನೆಯ ಮೂಲಕ ಹೋಗುತ್ತವಲ್ಲವೇ?" ಎಂದು ಕೇಳಿದಳು. ಹೋಗುತ್ತವೆ. x = 0 ಇಟ್ಟರೆ ಎರಡೂ ಸೊನ್ನೆ. ಸಮೀಕರಣ ಬಿಡಿಸುವ ಮೊದಲೇ ಕಣ್ಣಿಗೆ ಕಾಣಬೇಕಾಗಿದ್ದ ಛೇದನ ಬಿಂದು ಅದು. x ನಿಂದ ಭಾಗಿಸಿದ ಕ್ಷಣದಲ್ಲಿ ನಾನು ಅದನ್ನು ಎಸೆದುಬಿಟ್ಟಿದ್ದೆ.

ಆ ತಪ್ಪನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳಲು ಕಾರಣ, ಉತ್ತರ ನೋಡಲು ತೀರಾ ಸಭ್ಯವಾಗಿತ್ತು. ಸೊನ್ನೆ ಬಂದಿದ್ದರೆ ಯಾರಾದರೂ ಬೆಚ್ಚಿಬೀಳುತ್ತಾರೆ. y = x³ ಮತ್ತು y = x ಎಂಬ ಹಳೆಯ ಉದಾಹರಣೆಯನ್ನು ಎಲ್ಲರೂ ಕೊಡುವುದು ಅದಕ್ಕೇ: −1ರಿಂದ 1ರವರೆಗೆ ಅನುಕಲಿಸಿದರೆ ಸೊನ್ನೆ ಬರುತ್ತದೆ, ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ. ಆದರೆ 32/3 ಎಂಬ ಸಂಖ್ಯೆ ಏನನ್ನೂ ಕೂಗುವುದಿಲ್ಲ. ಸುಮಾರು 10.67, ಚಿತ್ರದ ಗಾತ್ರಕ್ಕೂ ಹೊಂದುವಂತೆಯೇ ಕಾಣುತ್ತದೆ.

ಮರುದಿನ ಅದೇ ಲೆಕ್ಕವನ್ನು ಮತ್ತೆ ಹಲಗೆಯ ಮೇಲೆ ಮಾಡಿದೆ. ಇಂದಿಗೂ ಮಾಡುವುದು ಅದೇ ಕ್ರಮದಲ್ಲಿ. ಮೊದಲು ಎರಡು ವಕ್ರರೇಖೆಗಳನ್ನು ಮರೆತು ಅವುಗಳ ವ್ಯತ್ಯಾಸವನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಅದಕ್ಕೆ D ಎಂದು ಹೆಸರು.

D(x) = x³ − 2x² − 3x = x(x + 1)(x − 3)

ಎಲ್ಲವನ್ನೂ ಒಂದೇ ಬದಿಗೆ ತಂದು ಅಪವರ್ತಿಸಿದರೆ ಯಾವ ಮೂಲವೂ ಕೈತಪ್ಪುವುದಿಲ್ಲ. −1, 0, 3 ಮೂರೂ ಎದುರಿಗೇ ನಿಲ್ಲುತ್ತವೆ. ಇವು −1ರಿಂದ 3ರವರೆಗಿನ ಅಂತರಾಳವನ್ನು ಎರಡು ತುಂಡು ಮಾಡುತ್ತವೆ. ಪ್ರತಿ ತುಂಡಿನೊಳಗೆ D ಸೊನ್ನೆಯಾಗುವುದಿಲ್ಲ, ಎಲ್ಲೂ ಕಡಿದುಹೋಗುವುದೂ ಇಲ್ಲ. ಹಾಗಾಗಿ ಅದರ ಚಿಹ್ನೆ ಬದಲಾಗಲಾರದು. ಯಾವುದಾದರೂ ಒಂದು ಬಿಂದುವಿನಲ್ಲಿ ಪರೀಕ್ಷಿಸಿದರೆ ಇಡೀ ತುಂಡಿನ ಸಂಗತಿ ತಿಳಿಯುತ್ತದೆ. x = −1/2 ಇಟ್ಟರೆ ವಕ್ರರೇಖೆಯ ಎತ್ತರ −0.625, ಸರಳರೇಖೆಯದು −1.5. ಎರಡೂ ಅಕ್ಷದ ಕೆಳಗಿವೆ, ಆದರೂ ವಕ್ರರೇಖೆ ಮೇಲಿದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. x-ಅಕ್ಷಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಯಾವ ರೇಖೆ ಅಕ್ಷದ ಮೇಲಿದೆ ಎಂಬುದು ಪ್ರಶ್ನೆಯಲ್ಲ, ಯಾವುದು ಯಾವುದರ ಮೇಲಿದೆ ಎಂಬುದಷ್ಟೇ ಪ್ರಶ್ನೆ. x = 1ರಲ್ಲಿ ವಕ್ರರೇಖೆ −1, ಸರಳರೇಖೆ 3; ಅಲ್ಲಿ ಸರಳರೇಖೆ ಮೇಲೆ.

ಇನ್ನು ಉಳಿದದ್ದು ಕೂಲಿ ಕೆಲಸ. D ಯ ಪ್ರತಿ-ಅವಕಲ F(x) = x⁴/4 − 2x³/3 − 3x²/2. ಮೂರು ಬಿಂದುಗಳಲ್ಲಿ ಅದರ ಬೆಲೆ: F(−1) = −7/12, F(0) = 0, F(3) = −45/4. ಎಡ ತುಂಡಿನ ಅನುಕಲ 0 − (−7/12) = 7/12. ಬಲ ತುಂಡಿನದು −45/4, ಅಂದರೆ −135/12. ಬಲ ತುಂಡಿನ ಚಿಹ್ನೆಯನ್ನು ತಿರುಗಿಸಿ ಕೂಡಿದರೆ 7/12 + 135/12 = 142/12 = 71/6. ಸುಮಾರು 11.83.

ಈಗ ಹಳೆಯ ಉತ್ತರದ ಪಕ್ಕ ಇದನ್ನು ಇಟ್ಟು ನೋಡಿ. ಹಿಂದಿನ ದಿನ ನಾನು ಪಡೆದದ್ದು 135/12 − 7/12 = 128/12. ಕೂಡಬೇಕಾದ ಎಡ ತುಂಡನ್ನು ಕಳೆದುಬಿಟ್ಟಿದ್ದೆ. ಹಾಗಾಗಿ ಕೊರತೆ 14/12, ಅಂದರೆ ಆ ತುಂಡಿನ ಎರಡರಷ್ಟು. ಕೂಡುವ ಬದಲು ಕಳೆದರೆ ಒಂದು ಸಲ ಸಿಗಬೇಕಾದದ್ದು ಸಿಗಲಿಲ್ಲ, ಇನ್ನೊಂದು ಸಲ ಕೈಯಲ್ಲಿದ್ದದ್ದೂ ಹೋಯಿತು. ಈ "ಎರಡರಷ್ಟು" ಎಂಬುದು ಮುಂದೆ ಮತ್ತೆ ಬರುತ್ತದೆ.

ಇದರಿಂದ ನನಗೆ ಒಂದು ಒರೆಗಲ್ಲು ಸಿಕ್ಕಿತು. ದಾಟುವ ಬಿಂದುವನ್ನು ಮರೆತಾಗ ಉತ್ತರ ಯಾವಾಗಲೂ ಕಡಿಮೆಯೇ ಬರುತ್ತದೆ, ಎಂದಿಗೂ ಹೆಚ್ಚು ಬರುವುದಿಲ್ಲ. ಧನ ಭಾಗವೂ ಋಣ ಭಾಗವೂ ಒಂದನ್ನೊಂದು ತಿನ್ನುತ್ತವೆಯೇ ಹೊರತು ಬೆಳೆಸುವುದಿಲ್ಲ. ಇಬ್ಬರು ವಿದ್ಯಾರ್ಥಿಗಳು ಒಂದೇ D ಯಿಂದ, ಒಂದೇ ಅಂತರಾಳದಲ್ಲಿ, ಅನುಕಲನದಲ್ಲಿ ತಪ್ಪದೆ ಬೇರೆ ಬೇರೆ ಉತ್ತರ ತಂದರೆ ನಾನು ಮೊದಲು ಸಂಶಯಿಸುವುದು ಚಿಕ್ಕ ಉತ್ತರವನ್ನು.

ಒರೆಸಿದ ಮೈನಸ್ ಚಿಹ್ನೆಯ ಬಗ್ಗೆಯೂ ಒಂದು ಮಾತು. ಋಣ ಉತ್ತರ ಬರಲು ಎರಡು ಕಾರಣಗಳಿರಬಹುದು. ಮೇಲಿನದರಿಂದ ಕೆಳಗಿನದನ್ನು ಕಳೆಯುವ ಬದಲು ತಿರುವುಮುರುವಾಗಿ ಕಳೆದಿರಬಹುದು. ಆಗ ಚಿಹ್ನೆ ತೆಗೆದರೆ ಸಾಕು, ಉತ್ತರ ಸರಿ. ಅಥವಾ ನಡುವೆ ರೇಖೆಗಳು ದಾಟಿರಬಹುದು; ಆಗ ಚಿಹ್ನೆ ತೆಗೆದರೆ ತಪ್ಪಿಗೆ ಮುಸುಕು ಹಾಕಿದಂತೆ. ಇವೆರಡರಲ್ಲಿ ಯಾವುದು ಎಂದು ಆ ಚಿಹ್ನೆ ಹೇಳುವುದಿಲ್ಲ. ನಿರಪೇಕ್ಷ ಬೆಲೆಯನ್ನು ಪ್ರತಿ ತುಂಡಿಗೂ ಹಾಕಬಹುದು, ಕೊನೆಯ ಮೊತ್ತಕ್ಕೆ ಹಾಕುವಂತಿಲ್ಲ.

ಅನುಮಾನ ಉಳಿದರೆ ಕಂಪ್ಯೂಟರಿನಲ್ಲಿ ಮೂಲಗಳನ್ನೇ ಹುಡುಕದೆ ಒಮ್ಮೆ ಕೂಡಿ ನೋಡುತ್ತೇನೆ. ಅಂತರಾಳವನ್ನು 4000 ಸಣ್ಣ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ಎತ್ತರಕ್ಕೂ ನಿರಪೇಕ್ಷ ಬೆಲೆ ಹಾಕುವುದು:

```
D = lambda x: x**3 - 2*x**2 - 3*x
h = 0.001
print(round(sum(abs(D(-1 + (k+0.5)*h)) for k in range(4000))*h, 4))
```

11.8333 ಬರುತ್ತದೆ. ಇದೇ ಸಾಲಿನಲ್ಲಿ abs ಅನ್ನು sum ನ ಹೊರಗೆ ಹಾಕಿದರೆ ನನ್ನ ಹಳೆಯ 10.67 ಮರಳಿ ಬರುತ್ತದೆ. ಬೇಕೆಂದೇ ಹಾಗೆ ಮಾಡಿ ತೋರಿಸುವುದುಂಟು.

ಅಂತರಾಳವನ್ನು ಪ್ರಶ್ನೆಯೇ ಕೊಟ್ಟಾಗ ಬೇರೊಂದು ಬಗೆಯ ಎಚ್ಚರ ಬೇಕು. ಅದೇ ಎರಡು ರೇಖೆಗಳು, ಆದರೆ x = 0ಯಿಂದ x = 4ರವರೆಗೆ ಎಂದುಕೊಳ್ಳಿ. ಈಗ −1 ಹೊರಗುಳಿಯಿತು, ಅದನ್ನು ಮುಟ್ಟಬೇಕಿಲ್ಲ. 0 ಅಂಚಿನಲ್ಲಿದೆ, ಸೀಳಲು ಅಲ್ಲಿ ಏನೂ ಇಲ್ಲ. ಸೀಳಬೇಕಾದದ್ದು 3ರಲ್ಲಿ ಮಾತ್ರ. F(4) = −8/3 ಆದ್ದರಿಂದ 3ರಿಂದ 4ರವರೆಗಿನ ತುಂಡು 103/12; ಒಟ್ಟು 135/12 + 103/12 = 119/6, ಸುಮಾರು 19.83. ಸೀಳದೆ ಮಾಡಿದ್ದರೆ 8/3 ಎಂದು ಬರೆಯುತ್ತಿದ್ದೆವು, 2.67! ಛೇದನ ಬಿಂದುಗಳೇ ಮಿತಿಗಳು ಎಂದು ಕಂಠಪಾಠ ಮಾಡಿದವರು ಈ ಲೆಕ್ಕದಲ್ಲಿ 4 ಎಂಬ ಅಂಚನ್ನು ಬಿಟ್ಟು 3ಕ್ಕೇ ನಿಲ್ಲಿಸಿದ್ದನ್ನೂ ಕಂಡಿದ್ದೇನೆ.

ಕೂಡುವ ಬಿಂದುವೆಲ್ಲ ದಾಟುವ ಬಿಂದುವಲ್ಲ ಎಂಬುದನ್ನು ಮಾತ್ರ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. y = x³ ಮತ್ತು y = 2x² ಗಳ ವ್ಯತ್ಯಾಸ x²(x − 2); ಸೊನ್ನೆಯಲ್ಲಿ ರೇಖೆಗಳು ಮುಟ್ಟಿ ಹಿಂದಿರುಗುತ್ತವೆ, ಎರಡೂ ಬದಿಯಲ್ಲಿ 2x² ಮೇಲೆಯೇ ಇರುತ್ತದೆ. ಅಲ್ಲಿ ಸೀಳಿದರೂ ಸೀಳದಿದ್ದರೂ ಉತ್ತರ ಒಂದೇ. ಸಂಶಯ ಬಂದರೆ ಸೀಳಿಬಿಡಿ ಎನ್ನುತ್ತೇನೆ. ಹೆಚ್ಚಾಗಿ ಸೀಳಿದ್ದರಿಂದ ಒಂದೆರಡು ಸಾಲು ಉದ್ದವಾಗಬಹುದು, ಅಷ್ಟೇ.

ಬಹಳ ಕಾಲ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ: ಛೇದನ ಬಿಂದು ನಿಖರವಾಗಿ ಸಿಗದಿದ್ದರೆ? y = cos x ಮತ್ತು y = x, 0ಯಿಂದ 1ರವರೆಗೆ. cos x = x ಎಂಬುದನ್ನು ಅಪವರ್ತಿಸಲು ಬರುವುದಿಲ್ಲ. ಕ್ಯಾಲ್ಕ್ಯುಲೇಟರನ್ನು ರೇಡಿಯನ್‌ನಲ್ಲಿಟ್ಟು cos ಗುಂಡಿಯನ್ನು ಒತ್ತುತ್ತಲೇ ಹೋದರೆ ಸಂಖ್ಯೆ ನಿಧಾನವಾಗಿ 0.739085ರಲ್ಲಿ ನೆಲೆಗೊಳ್ಳುತ್ತದೆ. ಛೇದನ ಬಿಂದುವನ್ನು c ಎಂದರೆ ಕ್ಷೇತ್ರಫಲ 2(sin c − c²/2) − (sin 1 − 1/2). ಬೆಲೆ ಹಾಕಿದರೆ 0.45951.

ಒಬ್ಬ ವಿದ್ಯಾರ್ಥಿ ನಕ್ಷೆಯಿಂದ ಅಂದಾಜು ಮಾಡಿ c = 0.7 ಎಂದು ಹಾಕಿದ್ದ. ಛೇದನ ಬಿಂದುವಿನಲ್ಲಿ ಶೇಕಡ 5ಕ್ಕೂ ಹೆಚ್ಚು ತಪ್ಪು, ಉತ್ತರ ಹಾಳಾಗಿರುತ್ತದೆ ಎಂದುಕೊಂಡೇ ಕೆಂಪು ಪೆನ್ನು ಎತ್ತಿಕೊಂಡೆ. ಅವನಿಗೆ ಬಂದದ್ದು 0.45696. ತಪ್ಪು ಕೇವಲ 0.0025, ಅದೂ ಎಂದಿನಂತೆ ಕೊರತೆಯ ಕಡೆಗೇ. 0.74 ಹಾಕಿದ್ದರೆ ನಾಲ್ಕು ದಶಮಾಂಶ ಸ್ಥಾನಗಳವರೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಯಾಕೆ ಎಂದು ಯೋಚಿಸಿದಾಗ ಹಳೆಯ "ಎರಡರಷ್ಟು" ನೆನಪಾಯಿತು. 0.7ರಿಂದ 0.739ರವರೆಗಿನ ಸಣ್ಣ ಸೀಳು ಮಾತ್ರ ತಪ್ಪು ಚಿಹ್ನೆಯೊಂದಿಗೆ ಲೆಕ್ಕಕ್ಕೆ ಬಂದಿದೆ. ಅದು ಹೆಚ್ಚುಕಡಿಮೆ ತ್ರಿಕೋನ: ಪಾದ 0.039, ಎತ್ತರ 0.7ರಲ್ಲಿ ರೇಖೆಗಳ ನಡುವಿನ ಅಂತರ, 0.065. ಛೇದನ ಬಿಂದುವಿನ ಹತ್ತಿರ ರೇಖೆಗಳೆರಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಸೀಳು ಅಗಲದಲ್ಲೂ ಚಿಕ್ಕದು, ಎತ್ತರದಲ್ಲೂ ಚಿಕ್ಕದು. ತ್ರಿಕೋನದ ಕ್ಷೇತ್ರಫಲ ಸುಮಾರು 0.00127, ಅದರ ಎರಡರಷ್ಟು 0.0025. ಛೇದನ ಬಿಂದುವಿನಲ್ಲಿ ಮಾಡಿದ ತಪ್ಪು ಹತ್ತರಲ್ಲೊಂದು ಪಾಲಾದರೆ ಕ್ಷೇತ್ರಫಲದ ತಪ್ಪು ನೂರರಲ್ಲೊಂದು ಪಾಲಾಗುತ್ತದೆ.

ಛೇದನ ಬಿಂದುವನ್ನು ತುಸು ಆಚೀಚೆ ಹಾಕಿದವನ ಉತ್ತರ ಬಹುಪಾಲು ಉಳಿಯುತ್ತದೆ. ಅದನ್ನು ನೋಡದೇ ಬಿಟ್ಟವನದು ಉಳಿಯುವುದಿಲ್ಲ. ಆ ಹುಡುಗ ಸೀಳದೆ ಮಾಡಿದ್ದರೆ ಅವನಿಗೆ ಸಿಗುತ್ತಿದ್ದದ್ದು 0.341. ಕೆಂಪು ಪೆನ್ನಿನಿಂದ 0.7ರ ಪಕ್ಕ 0.739 ಎಂದಷ್ಟೇ ಬರೆದು, ಉಳಿದ ಸಾಲುಗಳಿಗೆ ಸರಿ ಗುರುತು ಹಾಕಿದೆ.