ಸುತ್ತಳತೆಯೋ ವಿಸ್ತೀರ್ಣವೋ: ಪಾಠಕ್ಕೂ ಪ್ರಶ್ನೆಗೂ ತಾಳೆ ಹಾಕುವುದು ಹೀಗೆ

‘ಸುತ್ತಳತೆ, ವಿಸ್ತೀರ್ಣಗಳನ್ನು ಅರ್ಥ ಮಾಡಿಕೊಳ್ಳುವರು’ ಎಂದು ಪಾಠ ಯೋಜನೆಯಲ್ಲಿ ಬರೆಯುತ್ತಾರೆ. ತರಗತಿಯಲ್ಲಿ ಸೂತ್ರ ಕೊಟ್ಟು ಲೆಕ್ಕ ಮಾಡಿಸುತ್ತಾರೆ. ಕಿರುಪರೀಕ್ಷೆಯಲ್ಲಿ ‘ಆಯತದ ವಿಸ್ತೀರ್ಣದ ಸೂತ್ರ ಬರೆಯಿರಿ’ ಎನ್ನುತ್ತಾರೆ. ಮಗುವಿಗೆ ಪೂರ್ತಿ ಅಂಕ. ಕಬ್ಬಿನ ಗದ್ದೆಗೆ ಎಷ್ಟು ಬೇಲಿ ತಂತಿ ಬೇಕೆಂದು ಕೇಳಿದರೆ ಅದೇ ಮಗು ಉದ್ದ, ಅಗಲ ಗುಣಿಸಿ ಕೊಡುತ್ತದೆ.

ಮೊದಲು ಉದ್ದೇಶವನ್ನು ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯಿರಿ: ‘ಸನ್ನಿವೇಶ ಓದಿ, ಬೇಕಿರುವುದು ಸುತ್ತಳತೆಯೋ ವಿಸ್ತೀರ್ಣವೋ ಎಂದು ಆರಿಸಿ, ಕಾರಣ ಹೇಳಿ, ಲೆಕ್ಕ ಮಾಡುವರು.’ ಒಂದು ಅವಧಿಗೆ ಇದೊಂದು ಸಾಕು. ಗೈಡಿನಿಂದ ಐದಾರು ಉದ್ದೇಶ ನಕಲು ಮಾಡಬೇಡಿ.

ಎರಡನೆಯದು ಪ್ರಶ್ನೆ. ಚಟುವಟಿಕೆಗಿಂತ ಮೊದಲೇ ಇದನ್ನು ಬರೆದಿಡಿ, ಎಡವುವುದು ಇಲ್ಲೇ. ಒಂದು ಮಾದರಿ: ‘ಒಂದು ತರಕಾರಿ ಮಡಿ 12 ಮೀಟರ್ ಉದ್ದ, 3 ಮೀಟರ್ ಅಗಲ. ಇನ್ನೊಂದು 6 ಮೀಟರಿನ ಚೌಕ. ಸುತ್ತ ಬೇಲಿ ಹಾಕಲು ಯಾವುದಕ್ಕೆ ಹೆಚ್ಚು ತಂತಿ ಬೇಕು? ಏಕೆ?’ ಎರಡರ ವಿಸ್ತೀರ್ಣವೂ 36 ಚದರ ಮೀಟರ್. ಸುತ್ತಳತೆ ಮಾತ್ರ 30 ಮತ್ತು 24 ಮೀಟರ್. ‘ಎರಡಕ್ಕೂ ಸಮ’ ಎಂದ ಮಗು ಎಲ್ಲಿ ಗೊಂದಲಗೊಂಡಿದೆ ಎಂಬುದು ಉತ್ತರದಲ್ಲೇ ಗೊತ್ತಾಗುತ್ತದೆ.

4 ಮೀಟರಿನ ಚೌಕವನ್ನಾಗಲಿ, 6 ಮತ್ತು 3 ಮೀಟರಿನ ಆಯತವನ್ನಾಗಲಿ ಕೊಡಲೇಬೇಡಿ. ಚೌಕಕ್ಕೆ ಎರಡೂ 16, ಆಯತಕ್ಕೆ ಎರಡೂ 18 ಬರುತ್ತವೆ. ತಪ್ಪು ಸೂತ್ರ ಹಾಕಿದವರಿಗೂ ಸರಿಯಾದ ಸಂಖ್ಯೆಯೇ ಸಿಗುತ್ತದೆ. ಪ್ರಶ್ನೆಯ ಮೇಲೆ ‘ಸುತ್ತಳತೆಯ ಲೆಕ್ಕಗಳು’ ಎಂಬ ತಲೆಬರಹವಿದ್ದರೆ ಆರಿಸುವ ಕೆಲಸ ಅಲ್ಲೇ ಮುಗಿಯಿತು. ಅಂಗಡಿಯಲ್ಲಿ ಸಿಗುವ ಅಭ್ಯಾಸ ಹಾಳೆಗಳ ದೊಡ್ಡ ದೋಷವೇ ಇದು. 37.5, 28.6ರಂಥ ಅಳತೆ ಕೊಟ್ಟರೆ ಪರೀಕ್ಷೆ ದಶಮಾಂಶ ಗುಣಾಕಾರದ್ದಾಗುತ್ತದೆ. 33 ಅಡಿ ಚೌಕವೇ ಒಂದು ಗುಂಟೆ ಎಂಬುದನ್ನು ತರಗತಿಯಲ್ಲಿ ಧಾರಾಳವಾಗಿ ಬಳಸಿ, ಪ್ರಶ್ನೆಪತ್ರಿಕೆಗೆ ತರಬೇಡಿ. ಗುಂಟೆ ಕೇಳಿರದ ಮೈಸೂರಿನ ಬಡಾವಣೆಯ ಮಗು ವಿಸ್ತೀರ್ಣ ಗೊತ್ತಿದ್ದೂ ಸೋಲುತ್ತದೆ.

ಮೂರು ಅಂಕವಿದ್ದರೆ ಆಯ್ಕೆಗೆ ಒಂದು, ಕಾರಣಕ್ಕೆ ಒಂದು, ಲೆಕ್ಕಕ್ಕೆ ಒಂದು. ಕೊನೆಯ ಉತ್ತರ ನೋಡಿ ಮೂರೂ ಕೊಟ್ಟರೆ ಊಹಿಸಿದವರೂ ಗೆಲ್ಲುತ್ತಾರೆ.

ಇನ್ನು ಚಟುವಟಿಕೆ. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎರಡು ಆಕಾರ ಎಳೆಯಿರಿ. ಒಂದು ಕಡೆ ಹಗ್ಗ, ಇನ್ನೊಂದು ಕಡೆ ಒಂದು ಮೀಟರಿನ ಕಾಗದದ ಚೌಕಗಳನ್ನು ಇಡಿ. ‘ಬೇಲಿ ಹಾಕಬೇಕು, ಗೊಬ್ಬರ ಹರಡಬೇಕು, ಯಾವುದಕ್ಕೆ ಯಾವುದನ್ನು ತಗೊಳ್ತೀರಿ?’ ಎಂದು ಕೇಳಿ ಸುಮ್ಮನಿರಿ. ‘ಹಗ್ಗ ತಗೊಂಡು ಸುತ್ತ ಅಳೀರಿ’ ಎಂದರೆ ಮಕ್ಕಳು ಕಲಿಯಬೇಕಾದ ಆಯ್ಕೆಯನ್ನು ನೀವೇ ಮಾಡಿದಂತೆ. ಬಣ್ಣದ ಚಾರ್ಟ್ ಬರೆಸುವುದು ಬೇಡ, ಅದರಲ್ಲಿ ಆರಿಸುವ ಕೆಲಸವೇ ಇಲ್ಲ. ಇಲ್ಲಿ ಬಳಸಿದ ಅಳತೆಗಳು ಪರೀಕ್ಷೆಯಲ್ಲಿ ಮತ್ತೆ ಬರಕೂಡದು.

ಉತ್ತರ ತಿದ್ದುವಾಗ ‘ಸಮ’ ಎಂದವರೇ ಹೆಚ್ಚಿದ್ದರೆ ಮರುದಿನ ಮತ್ತೆ ಲೆಕ್ಕ ಮಾಡಿಸಬೇಡಿ. ನಾಲ್ಕು ಹೊಸ ಸನ್ನಿವೇಶ ಕೊಟ್ಟು, ಆಯ್ಕೆ ಮತ್ತು ಕಾರಣವನ್ನಷ್ಟೇ ಕೇಳಿ.