ನಾಲ್ಕು ಪುಟ ಕರಪತ್ರವಾಗುವಾಗ ಅರ್ಥ ಎಲ್ಲಿ ಜಾರುತ್ತೆ: ನನ್ನ ಅನುಭವ

ಹನ್ನೆರಡು ವರ್ಷದಿಂದ ಬೇರೆಯವರ ಉದ್ದ ಬರಹ ಚಿಕ್ಕದು ಮಾಡಿಕೊಡುವುದೇ ನನ್ನ ಕೆಲಸ. ಮೂರು ವರ್ಷದ ಹಿಂದೆ ಒಂದು ಸಹಕಾರ ಸಂಘಕ್ಕೆ ಅಡಿಕೆ ಕೊಳೆರೋಗದ ಕರಪತ್ರ ಮಾಡಿಕೊಟ್ಟೆ. ಮೂಲ ನಾಲ್ಕು ಪುಟ, ಸುಮಾರು 1200 ಪದ. ಅವರಿಗೆ ಬೇಕಿದ್ದದ್ದು 120. ಎಲ್ಲರ ಹಾಗೆ ನಾನೂ 600, 300, 120 ಅಂತ ಮೂರು ಸುತ್ತು ಇಳಿಸಿದೆ. ಅಚ್ಚಾದ ಮೇಲೆ ತಪ್ಪು ಸಿಕ್ಕಿತು. 2000 ಪ್ರತಿ ರದ್ದಿಗೆ ಹೋಯಿತು. ಮರುಮುದ್ರಣಕ್ಕೆ ನನ್ನ ಜೇಬಿನಿಂದ ಮೂರೂವರೆ ಸಾವಿರದ ಹತ್ತಿರ ಹತ್ತಿರ ಕೊಟ್ಟೆ.

ತಪ್ಪು ಹೇಗಾಯಿತು ಅಂತ ಒಂದೇ ಸೂಚನೆ ಹಿಡಿದು ನೋಡಿ. ಮೂಲದಲ್ಲಿ ಇದ್ದದ್ದು: ‘ಮಳೆಗಾಲ ಶುರುವಾಗುವ ಮುಂಚೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆಯಿರಿ. 40–45 ದಿನ ಬಿಟ್ಟು ಎರಡನೇ ಸಲ. ಮಳೆ ಮುಂದುವರಿದರೆ ಮಾತ್ರ ಮೂರನೇ ಸಲ.’

ಮೊದಲ ಸುತ್ತು: ‘ಮಳೆಗಾಲಕ್ಕೆ ಮುಂಚೆ ಒಮ್ಮೆ, 40–45 ದಿನಕ್ಕೆ ಮತ್ತೊಮ್ಮೆ, ಮಳೆ ಜಾಸ್ತಿಯಾದರೆ ಇನ್ನೊಮ್ಮೆ.’
ಎರಡನೇ ಸುತ್ತು: ‘ಮಳೆಗಾಲದಲ್ಲಿ 40–45 ದಿನಕ್ಕೊಮ್ಮೆ, ಎರಡು ಮೂರು ಸಲ.’
ಮೂರನೇ ಸುತ್ತು: ‘ಮಳೆಗಾಲದಲ್ಲಿ ಮೂರು ಸಲ ಹೊಡೆಯಿರಿ.’

ಒಂದೊಂದೇ ಮೆಟ್ಟಿಲು ನೋಡಿದರೆ ಯಾವುದೂ ತಪ್ಪು ಅನ್ನಿಸಲ್ಲ, ಅಲ್ವಾ? ಆದರೆ ‘ಮುಂದುವರಿದರೆ’ ಎಂಬುದು ‘ಜಾಸ್ತಿಯಾದರೆ’ ಆದಾಗಲೇ ಮಾತು ಬದಲಾಗಿತ್ತು. ಮೂಲ ಹೇಳಿದ್ದು ಮಳೆ ಎಷ್ಟು ದಿನ ಎಳೆಯಿತು ಅಂತ, ನಾನು ಬರೆದದ್ದು ಎಷ್ಟು ಜೋರು ಅಂತ. ಎರಡನೇ ಸುತ್ತಿನಲ್ಲಿ ‘ಮುಂಚೆ’ ಹೋಗಿ ‘ಮಳೆಗಾಲದಲ್ಲಿ’ ಉಳಿಯಿತು. ಕೊಳೆ ಹತ್ತುವ ಮುಂಚೆ ಕಾಯಿ ಮೇಲೆ ಔಷಧಿ ಕೂರಬೇಕು. ಮೊದಲ ಮಳೆ ಬಿದ್ದ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ಹುಡುಕಿಕೊಂಡು ಹೊರಟರೆ ಆ ಸಲದ ಫಸಲಿಗೆ ಅಪಾಯ.

ನಮ್ಮ ಭಾಷೆಯಲ್ಲಿ ಷರತ್ತು ಒಂದು ‘ರೆ’ಯಲ್ಲಿ ಮುಗಿಯುತ್ತೆ, ನಿಷೇಧ ಒಂದು ‘ಬಾರದು’ವಿನಲ್ಲಿ. ಕತ್ತರಿ ಮೊದಲು ಬೀಳುವುದು ಅಲ್ಲಿಗೇ. ಎರಡನೇ ಸುತ್ತಿಗೆ ಕೂತಾಗ ಕಣ್ಣೆದುರು ಇರುವುದು ಮೊದಲ ಸುತ್ತಿನದು. ಅದನ್ನೇ ಮೂಲ ಅಂತ ನಂಬುತ್ತೇವೆ. ಬಿಟ್ಟುಹೋದ ಜಾಗವನ್ನು ನಮಗೆ ಗೊತ್ತಿರುವುದರಿಂದ ತುಂಬುತ್ತೇವೆ. ಓದಲು ಸಲೀಸಾಗುತ್ತಾ ಹೋಗುವುದರಿಂದ ಅನುಮಾನವೂ ಬರಲ್ಲ.

ಈಗ ನನ್ನ ಕ್ರಮ ಹೀಗಿದೆ. ಕೆಲಸ ಶುರು ಮಾಡುವ ಮುಂಚೆ ಮೂಲದಲ್ಲಿ ಗೂಟ ಹೊಡೆಯುತ್ತೇನೆ. ಅಂಕಿ, ‘ರೆ’, ‘ಮಾತ್ರ’, ‘ಬಾರದು’, ‘ಬಹುದು’, ಯಾವುದು ಮೊದಲು ಯಾವುದು ಆಮೇಲೆ, ಇವಕ್ಕೆಲ್ಲ ಪೆನ್ಸಿಲ್ ಗೆರೆ, ಪಕ್ಕದಲ್ಲಿ ನಂಬರ್. ಆ ಕರಪತ್ರದ ಮೂಲದಲ್ಲಿ 27 ಗೂಟ ಸಿಕ್ಕವು. ಪ್ರತಿ ಸುತ್ತು ಆದ ಮೇಲೆ ಮೂಲವನ್ನೇ ಪಕ್ಕಕ್ಕಿಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತೇನೆ: ಇದೆ, ಬೇಕಂತಲೇ ಬಿಟ್ಟೆ, ಬದಲಾಗಿದೆ. ಬಿಟ್ಟಿದ್ದರೆ ಚಿಂತೆಯಿಲ್ಲ, ಬದಲಾಗಿದ್ದರೆ ಆ ವಾಕ್ಯ ಮೂಲದಿಂದ ಮತ್ತೆ ಬರೆಯಬೇಕು. ರದ್ದಿಗೆ ಹೋದ ಕರಪತ್ರವನ್ನು ಆಮೇಲೆ ಹೀಗೆ ನೋಡಿದಾಗ ಏಳು ಗೂಟ ಬದಲಾಗಿದ್ದವು, ಹತ್ತೋ ಹನ್ನೊಂದೋ ನನಗೆ ಗೊತ್ತೇ ಆಗದೆ ಮಾಯವಾಗಿದ್ದವು.

ಬರೀ ಇದರಿಂದ ಸಾಲದು. ಗೂಟ ಹೇಳುವುದು ಕಳೆದುಹೋದದ್ದನ್ನು. ನಾವು ಸೇರಿಸಿದ್ದು ಸಿಗಬೇಕಾದರೆ ಉಲ್ಟಾ ನಡೆಯಬೇಕು. ಚಿಕ್ಕದರ ಪ್ರತಿ ವಾಕ್ಯಕ್ಕೂ ಮೂಲದಲ್ಲಿ ಬೆರಳಿಟ್ಟು ತೋರಿಸಬೇಕು. ಬೋರ್ಡೋ ದ್ರಾವಣ ಮಾಡುವ ಬಗೆಗೆ ‘ಮೈಲುತುತ್ತು, ಸುಣ್ಣ ಎರಡನ್ನೂ ಬೆರೆಸಿ’ ಅಂತ ಬರೆದಿದ್ದೆ. ಬೆರಳಿಡಲು ಹೋದರೆ ಅಂಥ ಸಾಲೇ ಇಲ್ಲ. ಅಲ್ಲಿದ್ದದ್ದು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬಾರದು ಅಂತ.

ಮೂರನೆಯದು, ಮೂಲ ನೋಡದ ಒಬ್ಬರಿಗೆ ಚಿಕ್ಕದನ್ನು ಕೊಟ್ಟು ‘ನೀವು ಯಾವಾಗ ಏನು ಮಾಡ್ತೀರಿ, ಹೇಳಿ’ ಅನ್ನುವುದು. ‘ಅರ್ಥ ಆಯ್ತಾ’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಂದೇ ಮೂಲವನ್ನು ನಾನೂ ತಂಗಿಯೂ ಬೇರೆ ಬೇರೆ ಕೂತು ಇಳಿಸಿದೆವು. ಇಬ್ಬರದ್ದೂ ಬೇರೆಯಾದ ಕಡೆ ನೋಡಿದರೆ ಹೆಚ್ಚಾಗಿ ಮೂಲವೇ ಗೊಂದಲದಲ್ಲಿತ್ತು. ಅಂಥ ಕಡೆ ಬರೆದವರಿಗೇ ಫೋನ್ ಮಾಡುವುದು ಒಳ್ಳೆಯದು.

ಪ್ರೆಸ್ಸಿನವರು ‘ಪ್ರತಿ ಸಲ ಮೂಲ ತಿರುವ್ತಾ ಕೂತರೆ ಕೆಲಸ ಮುಗಿಯೋದು ಯಾವಾಗ ಮಾರಾಯ್ರೆ’ ಅಂದಿದ್ದರು. ನಿಜ, ನಾಲ್ಕು ಪುಟಕ್ಕೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತೆ. ಆದರೆ ಸುತ್ತು ಮೂರರಿಂದ ಎರಡಕ್ಕೆ ಇಳಿದಿದೆ, ಎರಡನ್ನೂ ಮೂಲದಿಂದಲೇ ಇಳಿಸುತ್ತೇನೆ. ಯಾವ ಗೂಟ ಕೀಳಬಹುದು, ಯಾವುದು ಕೂಡದು ಅಂತ ಆರಿಸುವ ಬಗೆ ನನ್ನ ಹತ್ತಿರವೇ ಇರಲಿ, ಅದರಲ್ಲೇ ನನ್ನ ಹೊಟ್ಟೆಪಾಡು.

ಒಂದು ಕೊರತೆ ಇನ್ನೂ ಇದೆ. ಎಲ್ಲ ಗೂಟ ಸರಿಯಿದ್ದರೂ ಒತ್ತು ತಪ್ಪಬಹುದು. ಮೂಲದಲ್ಲಿ ಅರ್ಧ ಪುಟ ತೆಗೆದುಕೊಂಡ ಚಾಕು ಪರೀಕ್ಷೆ ನನ್ನಲ್ಲಿ ಅರ್ಧ ಸಾಲಾಗಿತ್ತು. ಮಾಡಿದ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕು ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಹಾಕಬೇಕು ಅನ್ನುವುದು ಅದು. ಈಗ ಅದಕ್ಕೆ ಎರಡು ಪೂರ್ತಿ ಸಾಲು ಕೊಟ್ಟಿದ್ದೇನೆ. ಕಳೆದ ವರ್ಷ ಅದೇ ಸಂಘದವರು ಮತ್ತೆ ನನ್ನ ಹತ್ತಿರವೇ ಬಂದರು. ಪುಟಕ್ಕೆ ನೂರೈವತ್ತು ಜಾಸ್ತಿ ಕೇಳಿದೆ, ಕೊಟ್ಟರು.